ಹಳೇ ಬಿಲ್ಲಿಂಗ್‌ನಿಂದ ಹೊಸದಕ್ಕೆ: ಒಂದು ರಾತ್ರಿಯ ಕೆಲಸ, ಮರುದಿನ ಮಧ್ಯಾಹ್ನದ ಗಡುವು

(ಶಿರಸಿಯಲ್ಲಿ ವ್ಯಾಪಾರಸ್ಥರ ಸಭೆಯಲ್ಲಿ ಆಡಿದ ಮಾತು)

ಎಲ್ರಿಗೂ ನಮಸ್ಕಾರ. ಯಾವ ಸಾಫ್ಟ್‌ವೇರ್ ತಗೋಬೇಕು ಅಂತ ನಾನಿವತ್ತು ಹೇಳೋದಿಲ್ಲ, ಅದು ನಿಮ್ಮ ನಿಮ್ಮ ಲೆಕ್ಕ. ಹೊಸದು ತಗೊಂಡಾಯ್ತು, ಹಳೇದು ಇನ್ನೂ ನಡೀತಾ ಇದೆ, ದಾಟೋದು ಹೇಗೆ ಅನ್ನೋದಷ್ಟೇ ನನ್ನ ವಿಷಯ. ಇದರಲ್ಲಿ ನನ್ನದೊಂದು ಹಠ ಇದೆ, ಮೊದಲೇ ಹೇಳಿಬಿಡ್ತೇನೆ: ಒಂದು ಹೊತ್ತಲ್ಲಿ ಬಿಲ್ ಒಂದೇ ಕಡೆ ಆಗ್ಬೇಕು. "ಒಂದು ತಿಂಗಳು ಎರಡೂ ನಡೆಸಿ ನೋಡೋಣ" ಅಂತಾರಲ್ಲ, ಅದು ಕೇಳೋಕೆ ಧೈರ್ಯ ಕೊಡ್ತದೆ, ಆದ್ರೆ ಕೌಂಟರ್‌ನಲ್ಲಿ ಒಬ್ಬನೇ ಹುಡುಗ ಇರೋ ಅಂಗಡಿಯಲ್ಲಿ ಮೂರನೇ ದಿನಕ್ಕೆ ಅರ್ಧ ಬಿಲ್ ಇಲ್ಲಿ ಅರ್ಧ ಅಲ್ಲಿ ಆಗಿ, ಸ್ಟಾಕ್ ಎರಡರಲ್ಲೂ ತಪ್ಪಾಗಿ, ಯಾವುದನ್ನ ನಂಬ್ಬೇಕು ಅನ್ನೋದೇ ಗೊತ್ತಾಗೋದಿಲ್ಲ.

ಒಂದು ಅಂಗಡಿ ಇಟ್ಕೊಂಡು ಮಾತಾಡೋಣ. ಪೈಪು, ಪಂಪು, ದೋಟಿ, ಮೈಲುತುತ್ತ, ಗೊಬ್ಬರ ಮಾರೋ ಅಂಗಡಿ, ಗಿರಾಕಿ ಎಲ್ಲ ಅಡಿಕೆ ತೋಟದವರು, ಉದ್ರಿ ಖಾತೆ 340. ಯಾವಾಗ ಬದಲಾಯಿಸೋದು? ಎಲ್ರೂ ಏಪ್ರಿಲ್ 1 ಅಂತಾರೆ, ಹೊಸ ಲೆಕ್ಕದ ವರ್ಷ ಅಂತ. ಆದ್ರೆ ಆ ಹೊತ್ತಿಗೆ ವರ್ಷದ ಕೊನೇ ಲೆಕ್ಕ ಮುಗಿದೇ ಇರೋದಿಲ್ಲ, ಅದರ ಬೆನ್ನಿಗೆ ಮೇ ತಿಂಗಳಿಂದ ಕೊಳೆ ಔಷಧಿಗೆ ಜನ ಮುಗಿಬೀಳ್ತಾರೆ. ಈ ಅಂಗಡಿಗೆ ನಾನು ಹೇಳೋದು ಸೆಪ್ಟೆಂಬರ್ 30ರ ರಾತ್ರಿ. ಮದ್ದು ಹೊಡೆಯೋ ಗಲಾಟೆ ಮುಗಿದಿರ್ತದೆ, ಕೊಯ್ಲು ಇನ್ನೂ ಶುರುವಾಗಿರೋದಿಲ್ಲ. ಜಿಎಸ್‌ಟಿ ತಿಂಗಳಿಗೆ ತುಂಬೋರಿಗೂ ಮೂರು ತಿಂಗಳಿಗೆ ತುಂಬೋರಿಗೂ ಅವತ್ತಿಗೇ ಅವಧಿ ಮುಗೀತದೆ, ಹಾಗಾಗಿ ಒಂದು ರಿಟರ್ನ್ ಪೂರ್ತಿ ಹಳೇದರಿಂದ, ಮುಂದಿನದು ಪೂರ್ತಿ ಹೊಸದರಿಂದ. ಅರ್ಧ ತಿಂಗಳಲ್ಲಿ ದಾಟಿದ್ರೆ ಎರಡು ಕಡೆಯಿಂದ ಎಕ್ಸೆಲ್ ತೆಗೆದು ಕೂಡಿಸ್ತಾ ಕೂರಬೇಕು.

ವರ್ಷದ ಮಧ್ಯೆ ಬದಲಾಯಿಸಿದ್ರೆ ಬಿಲ್ ನಂಬರ್ ಏನ್ಮಾಡೋದು ಅಂತ ಕೇಳ್ತೀರಿ. ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸೀರೀಸ್ ಇಟ್ಕೊಳ್ಳೋಕೆ ನಿಯಮದಲ್ಲೇ ಅವಕಾಶ ಇದೆ, ನಂಬರ್ 16 ಅಕ್ಷರ ಮೀರಬಾರ್ದು, ಆ ವರ್ಷದಲ್ಲಿ ಮತ್ತೆ ಬರಬಾರ್ದು, ಅಷ್ಟೇ. ಹೊಸದಕ್ಕೆ ಬೇರೆ ಗುರುತು ಹಾಕಿ:

```
25-26/N/0001
```

ಇದನ್ನ ಮಾಡದೆ ಹೊಸದು ಹಳೇ ಗುರುತಲ್ಲೇ ಮತ್ತೆ 1ರಿಂದ ಶುರುಮಾಡಿದ್ರೆ, ಏಪ್ರಿಲ್‌ನಲ್ಲೇ ಕೊಟ್ಟ ನಂಬರ್ ಇನ್ನೊಮ್ಮೆ ಹೋಗ್ತದೆ, ಜಿಎಸ್‌ಟಿ ನಂಬರ್ ಇರೋ ಗಿರಾಕಿಯ ಬಿಲ್ ಆದ್ರೆ ರಿಟರ್ನ್ ಹಾಕೋವಾಗ ಪೋರ್ಟಲ್ ತಗೊಳ್ಳೋದಿಲ್ಲ. ಅಷ್ಟೊತ್ತಿಗೆ ಬಿಲ್ ಗಿರಾಕಿ ಕೈಯಲ್ಲಿರ್ತದೆ.

ಈಗ ಉದ್ರಿ ಬಾಕಿ. ನಿಜವಾದ ಕೆಲಸ ಇಲ್ಲೇ ಇರೋದು. ರಾತ್ರಿ ಬಾಗಿಲು ಹಾಕಿ, ಗಲ್ಲಾ ಎಣಿಸಿ, ಹಳೇದರಲ್ಲಿ ಬಿಲ್ ಮಾಡೋ ಪಾಸ್‌ವರ್ಡ್ ಬದಲಾಯಿಸಿ, ನೋಡೋಕೆ ಮಾತ್ರ ಬರೋ ಹಾಗೆ ಮಾಡಿ, ಆಮೇಲೆ ಬಾಕಿ ಪಟ್ಟಿ ತೆಗೀಬೇಕು. ಹಳೇದರಲ್ಲಿ ಒಟ್ಟು ಬಾಕಿ 18,46,250 ರೂಪಾಯಿ ಅಂತ ಇಟ್ಕೊಳ್ಳಿ, ಹೊಸದಕ್ಕೆ ಹಾಕಿದ ಮೇಲೆ 18,53,650 ತೋರಿಸ್ತು. 7,400 ಜಾಸ್ತಿ. ಪಟ್ಟಿ ಮೇಲಿಂದ ಓದ್ತಾ ಕೂರಬೇಡಿ, ವ್ಯತ್ಯಾಸವನ್ನ ಅರ್ಧ ಮಾಡಿ. 3,700. ಪಟ್ಟಿಯಲ್ಲಿ 3,700 ಹುಡುಕಿ. ಸಿಗ್ತದೆ ನೋಡಿ, ಯಾರೋ ಒಬ್ರು ಪಂಪಿಗೆ ಅಂತ ಮುಂಗಡ ಕೊಟ್ಟು ಹೋದ ದುಡ್ಡು. ನಾವು ಅವರಿಗೆ ಕೊಡಬೇಕಾದದ್ದು, ಎಕ್ಸೆಲ್‌ಗೆ ಬರೋವಾಗ ಮುಂದಿನ ಮೈನಸ್ ಗುರುತು ಬಿದ್ದುಹೋಗಿ ಅವರೇ ನಮಗೆ ಕೊಡಬೇಕು ಅಂತಾಯ್ತು. ಕಳೀಬೇಕಾದ್ದು ಕೂಡಿದ್ರಿಂದ ವ್ಯತ್ಯಾಸ ದುಪ್ಪಟ್ಟು.

ಅದು ಸರಿಯಾಗಿ ಒಟ್ಟು ಮೊತ್ತ ಪೈಸೆಗೆ ಪೈಸೆ ಕೂಡ್ತು ಅಂತಿಟ್ಕೊಳ್ಳಿ. ಮನೆಗೆ ಹೋಗೋಣವಾ? ಬೇಡ! ಖಾತೆ ಎಷ್ಟಿದೆ ಎಣಿಸಿ. ಹಳೇದರಲ್ಲಿ 340, ಹೊಸದರಲ್ಲಿ 338. ಮೊತ್ತ ಸರಿ ಇದ್ದೂ ಎರಡು ಖಾತೆ ಎಲ್ಲಿ ಹೋಯ್ತು? ನಮ್ಮ ಕಡೆ ಗಣಪತಿ ಹೆಗಡೆ ಅಂತ ಕೂಗಿದ್ರೆ ಈ ಸಭೆಯಲ್ಲೇ ನಾಲ್ಕು ಜನ ಎದ್ದು ನಿಲ್ತಾರೆ, (ಅಲ್ಲಿ ಹಿಂದೆ ಕೂತವರು ಆಗ್ಲೇ ನಗ್ತಾ ಇದ್ದಾರೆ) ಹೊಸ ಸಾಫ್ಟ್‌ವೇರ್ ಹೆಸರು ನೋಡಿ ಮೂವರನ್ನ ಒಂದೇ ಖಾತೆಗೆ ಹಾಕಿರ್ತದೆ. ಒಬ್ಬರದ್ದು 400, ಇನ್ನೊಬ್ಬರದ್ದು 6,000, ಮತ್ತೊಬ್ಬರದ್ದು 52,000, ಎಲ್ಲ ಸೇರಿ 58,400, ಒಟ್ಟಿಗೆ ಏನೂ ಫರಕಾಗ್ಲಿಲ್ಲ. ಫರಕಾಗೋದು ಆ ನಾನೂರರ ಹೆಗಡೇರು ಜನವರಿಯಲ್ಲಿ ಅಡಿಕೆ ಕೊಟ್ಟು ಬಾಕಿ ತೀರಿಸೋಕೆ ಬಂದಾಗ. ಇಪ್ಪತ್ತು ವರ್ಷದ ಗಿರಾಕಿ ಎದುರು ನೀವು ಐವತ್ತೆಂಟು ಸಾವಿರ ಅಂತ ಹೇಳಿದ್ರೆ ಅವರು ವಾದ ಮಾಡೋದಿಲ್ಲ, ಮುಂದಿನ ಸಲ ಬೇರೆ ಅಂಗಡಿಗೆ ಹೋಗ್ತಾರೆ. ಅದಕ್ಕೆ ತಿಂಗಳು ಮೊದಲೇ ಪ್ರತಿ ಖಾತೆಗೂ ಒಂದು ಕೋಡ್ ಕೊಡಿ, ಹೆಸರಿನ ಜೊತೆ ಊರು ಸೇರಿಸಿ, ಕೋಡ್ ಮೇಲೇ ಹೊಂದಿಸಿ. ಮೊತ್ತ ಮತ್ತು ಎಣಿಕೆ ಎರಡೂ ಕೂಡಬೇಕು, ಅದರ ಮೇಲೆ ದೊಡ್ಡ ಬಾಕಿ ಇರೋ ಇಪ್ಪತ್ತು ಖಾತೆ ಒಂದೊಂದಾಗಿ ಕಣ್ಣಲ್ಲಿ ನೋಡಬೇಕು. ಬಾಕಿಯನ್ನೂ ಇಡಿಗಂಟಾಗಿ ಹಾಕಬೇಡಿ, ಬಿಲ್‌ವಾರು ಹಾಕಿ, ಇಲ್ಲಾಂದ್ರೆ ಎರಡು ವರ್ಷದ ಹಳೇ ಬಾಕಿಗೂ ಮೊನ್ನೆಯ ಬಾಕಿಗೂ ಒಂದೇ ತಾರೀಕು ಬೀಳ್ತದೆ.

ಸ್ಟಾಕಿನಲ್ಲಿ ಮುಖ್ಯ ಅಳತೆ ನೋಡಿ. ಮೈಲುತುತ್ತ ಚೀಲದಲ್ಲಿ ಬರ್ತದೆ, ಕೆಜಿಯಲ್ಲಿ ಮಾರ್ತೇವೆ, 12 ಚೀಲ ಅನ್ನೋದು ಹೊಸದರಲ್ಲಿ 12 ಕೆಜಿ ಆಗಿರ್ತದೆ. ರೇಟಿಗೆ ಒಂದು ಪರೀಕ್ಷೆ ಸಾಕು: ಹಳೇ ಬಿಲ್ ಹತ್ತು ತಗೊಂಡು, ಬೇರೆ ಬೇರೆ ತೆರಿಗೆ ದರದ್ದು, ರಿಯಾಯ್ತಿ ಕೊಟ್ಟದ್ದು ಎಲ್ಲ ಇರೋ ಹಾಗೆ ಆರಿಸಿ, ಹೊಸದರ ಪ್ರಯೋಗದ ಕಂಪನಿಯಲ್ಲಿ ಹೊಡೀರಿ. ಪೈಸೆ ವ್ಯತ್ಯಾಸ ಬಂದ್ರೆ ರೌಂಡ್ ಆಫ್ ಇರಬಹುದು, ದೊಡ್ಡದು ಬಂದ್ರೆ ತೆರಿಗೆ ಸೇರಿದ ರೇಟನ್ನ ಸೇರದ್ದು ಅಂತ ತಿಳಿದು ಮತ್ತೊಮ್ಮೆ ತೆರಿಗೆ ಹಾಕಿದೆ ಅಂತ ಅರ್ಥ.

ಅಧ್ಯಕ್ಷರು ಗಡಿಯಾರ ತೋರಿಸ್ತಾ ಇದ್ದಾರೆ, ವಾಪಸ್ ಬರೋ ದಾರಿ ಒಂದು ಹೇಳಲೇಬೇಕು.

ವಾಪಸ್ ಹೋಗೋ ಗಡುವು ಮೊದಲೇ ಬರೆದು ಗಲ್ಲಾ ಮೇಲೆ ಅಂಟಿಸಿ: ಅಕ್ಟೋಬರ್ 1, ಮಧ್ಯಾಹ್ನ 12. ಯಾವುದಕ್ಕೆ ವಾಪಸ್ ಅನ್ನೋದನ್ನೂ ಬರೀರಿ: ಬಿಲ್‌ನಲ್ಲಿ ತೆರಿಗೆ ತಪ್ಪು ಬಂದ್ರೆ, ಒಬ್ಬರ ಬಾಕಿ ಇನ್ನೊಬ್ಬರಿಗೆ ತೋರಿಸಿದ್ರೆ, ಪ್ರಿಂಟ್ ಅರ್ಧ ಗಂಟೆ ಬರದಿದ್ರೆ. ಪರದೆ ಇಷ್ಟ ಆಗ್ಲಿಲ್ಲ, ಹುಡುಗನಿಗೆ ನಿಧಾನ ಆಗ್ತದೆ ಅನ್ನೋದು ಕಾರಣ ಅಲ್ಲ. ಮಧ್ಯಾಹ್ನ ಯಾಕೆ ಅಂದ್ರೆ ಅಷ್ಟೊತ್ತಿಗೆ ಇಪ್ಪತ್ತು ಇಪ್ಪತ್ತೈದು ಬಿಲ್ ಆಗಿರ್ತದೆ, ಹಳೇದಕ್ಕೆ ಕೂತು ಹೊಡೀಬಹುದು. ಮೂರು ದಿನ ಬಿಟ್ರೆ ಆ ದಾರಿ ಮುಚ್ತು, ಆಮೇಲೆ ಹೊಸದರಲ್ಲೇ ಸರಿಮಾಡ್ಕೊಳ್ಳಬೇಕು. ವಾಪಸ್ ಹೋದ್ರೆ ಕೊಟ್ಟ N ಬಿಲ್ ಅಳಿಸಬೇಡಿ, ಹಳೇದರಲ್ಲಿ N ಅಂತಲೇ ಬೇರೆ ಸೀರೀಸ್ ಮಾಡಿ ಅದೇ ನಂಬರಲ್ಲಿ ಹತ್ತಿಸಿ. ಅಲ್ಲೂ ನನ್ನ ಮಾತು ಅದೇ, ವಾಪಸ್ ಅಂದ್ರೆ ಪೂರ್ತಿ ವಾಪಸ್, ಬಿಲ್ ಒಂದೇ ಕಡೆ.

ಕರೆಂಟು ಹೋದ್ರೆ ಬರೆಯೋಕೆ H ಗುರುತಿನ ಬಿಲ್ ಪುಸ್ತಕ ಅಚ್ಚು ಹಾಕಿಸಿಡಿ. ಬ್ಯಾಕಪ್ ಪೆನ್‌ಡ್ರೈವ್‌ಗೆ ಹಾಕಿದ್ರೆ ಸಾಲದು, ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಕೊನೇ ಬಿಲ್ ಕಾಣ್ತದಾ ನೋಡಿ. ಹಳೇ ಬಿಲ್ಲಿನ ಮಾಲು ವಾಪಸ್ ಬಂದ್ರೆ ಕ್ರೆಡಿಟ್ ನೋಟ್‌ಗೆ ಹಳೇ ನಂಬರ್ ತಾರೀಕು ಕೈಯಲ್ಲೇ ಹಾಕೋಕೆ ಬರ್ತದಾ ಮೊದಲೇ ಕೇಳಿಟ್ಕೊಳ್ಳಿ. ಹಳೇ ಕಂಪ್ಯೂಟರ್ ಗುಜರಿಗೆ ಕೊಡಬೇಡಿ, ಲೆಕ್ಕಪತ್ರ ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಟಿರಬೇಕು ಅಂತ ಜಿಎಸ್‌ಟಿ ಕಾಯ್ದೆಯಲ್ಲೇ ಇದೆ, ಅದಕ್ಕೂ ಮೊದಲು ಸೆಪ್ಟೆಂಬರ್ ರಿಟರ್ನ್ ತೆಗೆಯೋಕೇ ಅದು ಅಕ್ಟೋಬರ್‌ನಲ್ಲೂ ಬೇಕು. ಖಾತೆ ಪಟ್ಟಿ ತಂದವರು ಇದ್ರೆ ಚಹಾ ಹೊತ್ತಲ್ಲಿ ಬನ್ನಿ, ಒಂದೇ ಹೆಸರಿನವರನ್ನ ಎಕ್ಸೆಲ್‌ನಲ್ಲಿ ಹೇಗೆ ಬೇರೆ ಮಾಡೋದು ಅಂತ ಕೂತು ತೋರಿಸ್ತೇನೆ.