ಹರ್ಬಲ್ ಹೇರ್ ಕಲರ್ ಪ್ಯಾಕೆಟ್ಟನ್ನು ತಿರುಗಿಸಿ ಓದಿ

ನಮಸ್ಕಾರ. ಹರ್ಬಲ್ ಅಂತ ಮಾರುವ ಹೇರ್ ಕಲರ್ ಪ್ಯಾಕೆಟ್ ಕೈಗೆ ಬಂದ್ರೆ, ನಾನು ಮೊದಲು ನೋಡೋದು ಬಳಸುವ ವಿಧಾನ. "ನೀರಲ್ಲಿ ಕಲಸಿ, ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ, ಕಪ್ಪು ಕೂದಲು" ಅಂತ ಇದ್ಯಾ? ಹಾಗಿದ್ರೆ ನನಗೆ ಆಗಲೇ ಅನುಮಾನ.

ಯಾಕಂದ್ರೆ ಗೋರಂಟಿ ಸೊಪ್ಪು ಕೊಡೋದು ಕಿತ್ತಳೆ ಕೆಂಪು ಬಣ್ಣ. ಬರೀ ಗೋರಂಟಿ ಬಿಳಿ ಕೂದಲನ್ನು ಕಪ್ಪು ಮಾಡಲ್ಲ. ಗಿಡದಿಂದಲೇ ಕಪ್ಪು ಬೇಕಂದ್ರೆ ಅದರ ಮೇಲೆ ನೀಲಿ ಸೊಪ್ಪಿನ ಪುಡಿ, ಅಂದ್ರೆ ಇಂಡಿಗೋ ಹಚ್ಚಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು, ಬಣ್ಣ ಪೂರ್ತಿ ಗಾಢವಾಗೋಕೆ ಒಂದೆರಡು ದಿನ ಹಿಡಿಯುತ್ತೆ. ನೆಲ್ಲಿಕಾಯಿ, ಭೃಂಗರಾಜ ಅಂತೆಲ್ಲಾ ಚಿತ್ರ ಹಾಕ್ತಾರಲ್ಲ, ಅವೂ ಅರ್ಧ ಗಂಟೆಯಲ್ಲಿ ಈ ಕೆಲಸ ಮಾಡಲ್ಲ.

ಮತ್ತೆ ಮಾಡೋದು ಯಾರು? ಪ್ಯಾಕೆಟ್ ತಿರುಗಿಸಿ. ಅಂಚಲ್ಲಿ, ಮಡಿಕೆಯೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಪ್ಯಾರಾ ಫಿನೈಲೀನ್ ಡೈಅಮೀನ್ ಅಂತ ಸಿಗಬಹುದು. ಕೆಲವೊಮ್ಮೆ ಬರೀ ಪಿಪಿಡಿ ಅಂತ. ಇಲ್ಲವೇ 1,4 ಡೈಅಮಿನೋಬೆಂಜೀನ್ ಅಂತ, ಅದೂ ಇದೇ ವಸ್ತು. ಇದು ಬಹಳ ಚಿಕ್ಕ ಅಣು, ಕೂದಲೊಳಗೆ ನುಗ್ಗಿ ಆಮ್ಲಜನಕದ ಜೊತೆ ಸೇರಿ ಕಪ್ಪಾಗುತ್ತೆ. ಆ ಆಮ್ಲಜನಕ ಕೊಡೋಕೆ ಪುಡಿಯಲ್ಲೇ ಬೇರಿಯಂ ಪೆರಾಕ್ಸೈಡ್ ಅಥವಾ ಸೋಡಿಯಂ ಪರ್ಬೊರೇಟ್ ಬೆರೆಸಿರುತ್ತಾರೆ. ಅದಕ್ಕೇ ಬೇರೆ ಡೆವಲಪರ್ ಬಾಟಲಿ ಇಲ್ಲದೆ ಸುಮ್ನೆ ನೀರು ಸಾಕಾಗೋದು. ಪಟ್ಟಿಯಲ್ಲಿ ಈ ಎರಡರಲ್ಲಿ ಒಂದು ಕಂಡ್ರೂ, ಇದು ಬರೀ ಸೊಪ್ಪಿನ ಪುಡಿ ಅಲ್ಲ ಅಂತ ತಿಳ್ಕೊಳ್ಳಿ.

"ಅಮೋನಿಯಾ ಇಲ್ಲ" ಅಂತ ದೊಡ್ಡದಾಗಿ ಬರೆದಿರ್ತಾರೆ. ಇರಲಿ ಬಿಡಿ, ಅಮೋನಿಯಾ ಬೇರೆ, ಪಿಪಿಡಿ ಬೇರೆ. ಒಂದು ಇಲ್ಲ ಅಂದ ಮಾತ್ರಕ್ಕೆ ಇನ್ನೊಂದು ಇಲ್ಲ ಅಂತಲ್ಲ.

ಪಿಪಿಡಿ ಇರೋದೇ ಅಪರಾಧ ಅಂತ ನಾನು ಹೇಳ್ತಿಲ್ಲ. ಮಾಮೂಲಿ ಹೇರ್ ಡೈಗಳಲ್ಲೂ ಇದೆ, ತುಂಬಾ ಜನಕ್ಕೆ ಏನೂ ಆಗಲ್ಲ. ಯುರೋಪಿನಲ್ಲಿ ತಲೆಗೆ ಹಚ್ಚುವ ಮಿಶ್ರಣದಲ್ಲಿ ಶೇಕಡಾ 2ಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಇದೆ. ನನ್ನ ಸಿಟ್ಟು ಎಲೆಯ ಚಿತ್ರದ ಮೇಲೆ. ಡೈ ಅಂತ ಗೊತ್ತಿದ್ರೆ ಜನ ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ ಅಲರ್ಜಿ ಪರೀಕ್ಷೆ ಮಾಡ್ಕೋತಾರೆ. ಸೊಪ್ಪು ಅಂದ್ಕೊಂಡ್ರೆ ಯಾರು ಮಾಡ್ತಾರೆ?

ಪಿಪಿಡಿಗೆ ಅಲರ್ಜಿ ಇದ್ರೂ ಅದು ಸಾಮಾನ್ಯವಾಗಿ ಹಚ್ಚಿದ ತಕ್ಷಣ ಗೊತ್ತಾಗಲ್ಲ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ ಕಿವಿ ಅಂಚು, ಹಣೆ, ಕತ್ತು ತುರಿಸುತ್ತೆ, ಕಣ್ಣಿನ ರೆಪ್ಪೆ ಊದಿಕೊಳ್ಳುತ್ತೆ. ಅಷ್ಟರಲ್ಲಿ ಹೇರ್ ಕಲರ್ ಹಾಕಿದ್ದೇ ಮರೆತು ಊಟದ ಮೇಲೆ ಅನುಮಾನ ಪಡ್ತೀವಿ, ಅಲ್ವಾ? ಹಿಂದೆ ಐದಾರು ಸಲ ಏನೂ ಆಗದವರಿಗೂ ಮುಂದಿನ ಸಲ ಆಗಬಹುದು. ಅದಕ್ಕೇ ಪ್ರತಿ ಸಲ ಸ್ವಲ್ಪ ಕಲಸಿ, ಪ್ಯಾಕೆಟ್ ಹೇಳಿದಂತೆ ಕಿವಿ ಹಿಂದೆ ಅಥವಾ ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ.

ಆದ್ರೆ ಹಿಂದೆ ಡೈನಿಂದಲೋ, ಕೈಗೆ ಹಾಕಿದ ಕಡು ಕಪ್ಪು ಮೆಹಂದಿಯಿಂದಲೋ ಗುಳ್ಳೆ ಎದ್ದಿದ್ರೆ ಮನೆಯಲ್ಲಿ ಈ ಪರೀಕ್ಷೆಯೂ ಬೇಡ. ಆ ಕಪ್ಪು ಮೆಹಂದಿಯಲ್ಲೂ ಹೆಚ್ಚಾಗಿ ಇರೋದು ಇದೇ ಪಿಪಿಡಿ. ಅಂಥವರು ಪ್ಯಾಕೆಟ್ ಸಮೇತ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ಪಟ್ಟಿ ತೋರಿಸಿ ಪ್ಯಾಚ್ ಟೆಸ್ಟ್ ಕೇಳಿ.