ಮಾತು ಕಡಿಮೆಯವರಿಗೆ ತಪ್ಪು ತಿಳಿಸುವಾಗ

ಕೇಳುಗರೇ, ನಮಸ್ಕಾರ.

ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಸೋಮವಾರದ ಮೀಟಿಂಗಿನಲ್ಲಿ, ಕೆಲಸ ಎರಡು ವಾರದಲ್ಲಿ ಮುಗಿಯುತ್ತದೆ ಎಂದು ಎಲ್ಲರೂ ಒಪ್ಪಿದರು. ಮೂರು ವಾರ ಬೇಕೆಂದು ತಂಡದ ಒಬ್ಬಾಕೆಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಹೊರಗೆ ಬಂದ ಮೇಲೆ ಪಕ್ಕದವರ ಹತ್ತಿರ ಹೇಳಿದರು. ಅಷ್ಟರಲ್ಲಿ ಗ್ರಾಹಕರಿಗೆ ತಾರೀಖು ಹೋಗಿಬಿಟ್ಟಿತ್ತು.

ಮೇಲಧಿಕಾರಿ ಸಾಮಾನ್ಯವಾಗಿ ಏನು ಹೇಳುತ್ತಾರೆ? "ನೀವು ತುಂಬಾ ಸಂಕೋಚ ಪಡ್ತೀರಿ, ಸ್ವಲ್ಪ ಮುಂದೆ ಬರಬೇಕು." ಇದು ಆಕೆ ಮಾಡಿದ್ದರ ಬಗ್ಗೆ ಅಲ್ಲ, ಆಕೆಯ ಸ್ವಭಾವದ ಬಗ್ಗೆ ಆಡಿದ ಮಾತು. ಸ್ವಭಾವವನ್ನು ನಾಳೆ ಬೆಳಗ್ಗೆ ಬದಲಿಸಿಕೊಂಡು ಬರಲು ಯಾರಿಂದಾದೀತು?

ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ರೂಪಿಸಿದ ಒಂದು ಕ್ರಮ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲು ಸಂದರ್ಭ, ಆಮೇಲೆ ವರ್ತನೆ, ಕೊನೆಗೆ ಪರಿಣಾಮ. ಜನ ಎಡವುವುದು ಹೆಚ್ಚಾಗಿ ವರ್ತನೆಯಲ್ಲಿ. ಕ್ಯಾಮೆರಾ ಇಟ್ಟಿದ್ದರೆ ಅದರಲ್ಲಿ ಏನು ಕಾಣುತ್ತಿತ್ತೋ, ಏನು ಕೇಳುತ್ತಿತ್ತೋ ಅಷ್ಟೇ ವರ್ತನೆ. "ಆಸಕ್ತಿ ಇರಲಿಲ್ಲ" ಎನ್ನುವುದು ಕ್ಯಾಮೆರಾಕ್ಕೆ ಕಾಣುವುದಿಲ್ಲ. "ಯಾವಾಗಲೂ" ಎಂಬ ಪದ ಬಾಯಿಗೆ ಬಂದರೆ ದಾರಿ ತಪ್ಪಿದ್ದೀರಿ ಎಂದೇ ತಿಳಿಯಿರಿ.

ಮಾತು ಕಡಿಮೆಯವರನ್ನು ನಾಲ್ವರ ಎದುರು ತಡೆದು ನಿಲ್ಲಿಸಬೇಡಿ. ಸೋಮವಾರದ ಮೀಟಿಂಗಿನ ಒಂದು ವಿಷಯ ಮಾತಾಡಬೇಕು, ಹತ್ತು ನಿಮಿಷ ಸಾಕು ಎಂದು ಮೊದಲೇ ತಿಳಿಸಿ. ವಿಷಯ ಹೇಳದೆ ಬರೀ "ಬಂದು ಕಾಣಿ" ಅಂದರೆ ಅವರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಕೂತ ಮೇಲೆ ಹೀಗೆ ಹೇಳಬಹುದು:

"ಸೋಮವಾರ ತಾರೀಖು ಗೊತ್ತು ಮಾಡುವಾಗ ನೀವು ಏನೂ ಹೇಳಲಿಲ್ಲ. ಮೂರು ವಾರ ಬೇಕು ಅಂತ ಆಮೇಲೆ ಪಕ್ಕದವರಿಗೆ ಹೇಳಿದ್ರಿ ಅಂತ ಗೊತ್ತಾಯ್ತು. ನಿಮ್ಮ ಲೆಕ್ಕ ನನಗೆ ಸಿಗದೆ ಗ್ರಾಹಕರಿಗೆ ಎರಡು ವಾರ ಅಂತ ಮಾತು ಕೊಟ್ಟೆ, ಈಗ ಹಿಂದೆ ತೆಗೆದುಕೊಳ್ಳಬೇಕು. ಆ ಹೊತ್ತಿಗೆ ಹೇಳೋದಕ್ಕೆ ಏನು ಅಡ್ಡ ಬಂತು?"

ಇಷ್ಟು ಹೇಳಿ ಸುಮ್ಮನಾಗಿ. ಕಷ್ಟದ ಭಾಗ ಇದೇ. ಮೌನ ತಡೆಯಲಾರದೆ ನಾವೇ ಉತ್ತರವನ್ನೂ ಹೇಳಿಬಿಡುತ್ತೇವೆ, ಅವರು ತಲೆಯಾಡಿಸಿ "ಸರಿ ಸರ್" ಅಂತ ಎದ್ದು ಹೋಗುತ್ತಾರೆ. ಥಟ್ಟನೆ ಬಂದ "ಸರಿ" ಒಪ್ಪಿಗೆಯಲ್ಲ, ಮಾತು ಬೇಗ ಮುಗಿಯಲಿ ಎಂಬ ಆಸೆ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಆಗಲೂ ಮಾತು ಬರದಿದ್ದರೆ, "ಯೋಚಿಸಿ ನಾಳೆ ಬರೆದು ಕಳಿಸಿದ್ರೂ ಆಗುತ್ತೆ" ಅನ್ನಿ.

ಬರುವ ಉತ್ತರ ನೀವು ಎಣಿಸಿದ್ದೇ ಆಗಿರಬೇಕಿಲ್ಲ. "ಹೋದ ತಿಂಗಳ ಮೀಟಿಂಗಲ್ಲಿ ನಾನು ಹೇಳೋಕೆ ಹೋದಾಗ ನೀವು ಅರ್ಧಕ್ಕೇ ತಡೆದ್ರಿ ಸರ್, ಅವತ್ತಿಂದ ಬಾಯಿ ತೆಗೆಯೋಕೆ ಧೈರ್ಯ ಬರಲ್ಲ" ಎಂದು ಆಕೆ ಹೇಳಿದರೆ, ಸಂದರ್ಭ, ವರ್ತನೆ, ಪರಿಣಾಮ ಮೂರೂ ಅದರಲ್ಲಿವೆ. ಈ ಸಲ ತಿದ್ದಿಕೊಳ್ಳಬೇಕಾದವರು ಮೇಜಿನ ಈಚೆ ಕೂತವರು.

ನಮಸ್ಕಾರ.