ರೋಮನ್ ರಸ್ತೆ: ಕಲ್ಲಿನ ಕೆಳಗೆ ಏನಿದೆ?

ಕ್ಯಾಮೆರಾ ಇಷ್ಟೊಂದು ಯಾಕೆ ಅಲುಗಾಡ್ತಿದೆ ಅಂತ ಬೈಕೋಬೇಡಿ. ಸೈಕಲ್ ಓಡಿಸುತ್ತಿರುವುದು ಕರಿಕಲ್ಲಿನ ಮೇಲೆ. ಇದು ರೋಮ್ ಊರಾಚೆಯ ವಿಯಾ ಅಪ್ಪಿಯಾ. ಕ್ರಿ.ಪೂ. 312ರಲ್ಲಿ ಅಪ್ಪಿಯಸ್ ಕ್ಲಾಡಿಯಸ್ ಎಂಬ ಅಧಿಕಾರಿ ಶುರು ಮಾಡಿಸಿದ ರಸ್ತೆ. ಹಲ್ಲು ಕಟಕಟ ಅಂತಿದೆ, ಇಳಿದು ನಡೆಯೋದೇ ವಾಸಿ.

ಕಲ್ಲನ್ನು ಹತ್ತಿರದಿಂದ ನೋಡಿ. ಚೌಕ ಅಲ್ಲ, ಐದಾರು ಮೂಲೆ, ಒಂದರ ಆಕಾರ ಇನ್ನೊಂದಕ್ಕಿಲ್ಲ. ಇದು ಇಲ್ಲೇ ಪಕ್ಕದ ಆಲ್ಬಾನ್ ಬೆಟ್ಟದ ಜ್ವಾಲಾಮುಖಿಯಿಂದ ಹರಿದು ಬಂದು ಗಟ್ಟಿಯಾದ ಲಾವಾ. ಮೇಲ್ಮುಖ ಅಗಲ, ಕೆಳಗೆ ಹೋದಂತೆ ಬೆಣೆಯ ಹಾಗೆ ಕಿರಿದು. ಗಾರೆ ಹಾಕಿಲ್ಲ, ಅಕ್ಕಪಕ್ಕದ ಕಲ್ಲುಗಳೇ ಒಂದನ್ನೊಂದು ಹಿಡಿದುಕೊಂಡಿವೆ. 6ನೇ ಶತಮಾನದಲ್ಲಿ ಇದನ್ನು ಕಂಡ ಪ್ರೊಕೋಪಿಯಸ್ ಎಂಬ ಇತಿಹಾಸಕಾರ, ಈ ಕಲ್ಲುಗಳು ಜೋಡಿಸಿದ್ದಲ್ಲ, ಒಟ್ಟಿಗೇ ಬೆಳೆದ ಹಾಗಿವೆ ಎಂಬರ್ಥದಲ್ಲಿ ಬರೆದಿದ್ದಾನೆ. ಆಗಲೇ ರಸ್ತೆಗೆ 800 ವರ್ಷ ದಾಟಿತ್ತು! ಈಗ ಬೆರಳು ತೂರುವಷ್ಟು ಸಂದು ಕಾಣ್ತಿದೆ, ಅಲ್ವಾ? ಅಂಚು ಸವೆದು, ಸಂದಿನ ಮಣ್ಣು ಮಳೆಗೆ ಕೊಚ್ಚಿಹೋಗಿದೆ. ಕೆಲವು ಕಡೆ 19ನೇ ಶತಮಾನದಿಂದೀಚೆಗೆ ಕಲ್ಲುಗಳನ್ನು ತೆಗೆದು ಮತ್ತೆ ಹಾಸಿದ್ದೂ ಇದೆ.

ಕೆಳಗಿನ ಪದರಗಳ ವಿಷಯಕ್ಕೆ ಬರೋಣ. ಇಂಟರ್ನೆಟ್‌ನಲ್ಲಿ ಒಂದು ಚಿತ್ರ ಎಲ್ಲೆಡೆ ಓಡಾಡುತ್ತದೆ. ದಪ್ಪ ಕಲ್ಲು, ಜಲ್ಲಿ, ಸಣ್ಣ ಗಾರೆ, ಮೇಲೆ ಹಾಸುಗಲ್ಲು, ಹೀಗೆ ಲೆಕ್ಕವಾಗಿ ನಾಲ್ಕು ಪದರ. ನಾನೂ ಹಾಗೇ ನಂಬಿದ್ದೆ. ಆದರೆ ಆ ಪದರಗಳ ಹೆಸರು ಬಂದದ್ದು ಮನೆಯ ನೆಲಗಟ್ಟು ಹಾಕುವ ಬಗ್ಗೆ ವಿಟ್ರೂವಿಯಸ್ ಎಂಬ ರೋಮನ್ ವಾಸ್ತುಶಿಲ್ಪಿ ಬರೆದ ಮಾತುಗಳಿಂದ. 17ನೇ ಶತಮಾನದಲ್ಲಿ ಬೆರ್ಜಿಯೇ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ರಸ್ತೆಗೂ ಅನ್ವಯಿಸಿದ. ಅಗೆದು ನೋಡಿದರೆ ಊರಿಗೊಂದು ಥರ ಇರುತ್ತದೆ. ಎಲ್ಲಿ ಏನು ಸಿಗುತ್ತೋ ಅದನ್ನೇ ಬಳಸಿದ್ದಾರೆ. ಹೆಚ್ಚಿನ ರಸ್ತೆಗಳಿಗೆ ಮೇಲೆ ಹಾಸುಗಲ್ಲೇ ಇರಲಿಲ್ಲ, ಬರೀ ಜಲ್ಲಿ. ಈ ಅಪ್ಪಿಯಾ ಕೂಡ ಶುರುವಿನಲ್ಲಿ ಜಲ್ಲಿ ರಸ್ತೆಯೇ.

ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದಕ್ಕೆ ಒಬ್ಬ ಕವಿ ಸಾಕ್ಷಿ. ಕ್ರಿ.ಶ. 95ರಲ್ಲಿ ಅಪ್ಪಿಯಾದಿಂದ ಕವಲೊಡೆದ ವಿಯಾ ದೊಮಿಶಿಯಾನಾ ಮುಗಿದಾಗ ಸ್ಟೇಷಿಯಸ್ ಪದ್ಯ ಬರೆದ. ಮೊದಲು ಎರಡು ಬದಿಗೆ ನೇಗಿಲು ಹೊಡೆದಂತೆ ಸಾಲು. ಆಮೇಲೆ ನಡುವಿನ ಮಣ್ಣು ಆಳಕ್ಕೆ ತೋಡೋದು. ಖಾಲಿಯಾದ ಹೊಂಡಕ್ಕೆ ಬೇರೆ ಸಾಮಗ್ರಿ ತುಂಬೋದು, ನೆಲ ಕುಸಿದು ಮೇಲಿನ ಕಲ್ಲಿಗೆ ಮೋಸ ಆಗಬಾರದು ಅಂತ. ಎರಡೂ ಬದಿಗೆ ಅಂಚುಗಲ್ಲು ಒತ್ತಿ ನಿಲ್ಲಿಸಿ, ಬೆಣೆ ಹೊಡೆದು ಬಿಗಿ ಮಾಡೋದು.

ನನ್ನ ಪ್ರಕಾರ ಇಲ್ಲಿ ನೋಡಬೇಕಾದದ್ದು ಈ ಅಂಚುಗಲ್ಲೇ. ಬೆಣೆ ಕಲ್ಲುಗಳ ಮೇಲೆ ಭಾರ ಬಿದ್ದರೆ ಅವು ಪಕ್ಕಕ್ಕೆ ತಳ್ಳುತ್ತವೆ. ಅಂಚು ಗಟ್ಟಿ ಇದ್ದರೆ ತಾನೇ ಸಾಲು ಬಿಗಿಯಾಗಿ ನಿಲ್ಲೋದು? ಇಲ್ಲಿ ಎಡಗಡೆ ನೋಡಿ, ಅಂಚು ಕಿತ್ತುಹೋಗಿದೆ, ಒಳಗಿನ ಕಲ್ಲುಗಳು ಚದುರಿ ಓರೆಯಾಗಿವೆ. ಹತ್ತು ಹೆಜ್ಜೆ ಮುಂದೆ ಅಂಚು ಹಾಗೇ ಇದೆ, ಸಾಲೂ ಬಿಗಿಯಾಗಿದೆ. ನಡು ಸ್ವಲ್ಪ ಉಬ್ಬಿದೆ, ನೋಡಿದಿರಾ? ಮಳೆ ನೀರು ನಿಲ್ಲದೆ ಬದಿಗೆ ಜಾರಿಹೋಗಲಿ ಅಂತ. ನೀರು ಕೆಳಗಿಳಿದರೆ ಮಣ್ಣು ಮೆತ್ತಗಾಗುತ್ತದೆ. ಮಣ್ಣು ಮೆತ್ತಗಾದರೆ ಎಂಥ ಕಲ್ಲು ಹಾಸಿದ್ದರೂ ಹಳ್ಳ ಬೀಳುತ್ತದೆ.

ಹಾಗಂತ ಈ ಕಲ್ಲಿನ ಮೇಲೆ ದಿನವೂ ಲಾರಿ ಬಿಟ್ಟರೆ ತಡೆಯುತ್ತಾ? ಕಷ್ಟ. ಕ್ರಿ.ಶ. 5ನೇ ಶತಮಾನದ ರೋಮನ್ ಕಾನೂನು ಸರ್ಕಾರಿ ಎತ್ತಿನ ಗಾಡಿಗೆ 1,500 ರೋಮನ್ ಪೌಂಡ್ ಮಿತಿ ಹಾಕಿತ್ತು, ಅಂದರೆ ಸುಮಾರು 490 ಕೆ.ಜಿ. ಇವತ್ತು ಅದು ಒಂದು ಸಣ್ಣ ಟೆಂಪೋದ ಹೊರೆ, ಅಷ್ಟೇ.

ಹಾಗಾದರೆ ಇವತ್ತಿಗೂ ಬಳಕೆಯಲ್ಲಿರೋದು ಏನು? ಅದನ್ನು ನೋಡೋಕೆ ಮಧ್ಯಾಹ್ನ ಕಾರು ತಗೊಂಡು ಇದೇ ಅಪ್ಪಿಯಾ ಹಿಡಿದು ದಕ್ಷಿಣಕ್ಕೆ ಬಂದೆ. ಗುಡ್ಡ ಇಳಿದ ಮೇಲೆ ತೆರಾಚಿನಾ ಊರಿನ ಕಡೆಗೆ ಸುಮಾರು 40 ಕಿ.ಮೀ. ಒಂದೇ ಗೆರೆ. ಜನ ಇದನ್ನು ಫೆತ್ತುಚ್ಚಾ ಅಂತಾರೆ, ರಿಬ್ಬನ್ ಅಂತ ಅರ್ಥ. ರೋಮನ್ ಸರ್ವೆಯವರು ಗ್ರೋಮಾ ಎಂಬ ಕೋಲಿನಿಂದ ಇಳಿಬಿಟ್ಟ ನಾಲ್ಕು ತೂಗುಗುಂಡುಗಳ ನೇರಕ್ಕೆ ಕಣ್ಣಿಟ್ಟು, ಒಂದರ ಹಿಂದೆ ಒಂದು ಗುರುತು ನೆಟ್ಟು ಗೆರೆ ಎಳೆಯುತ್ತಿದ್ದರು. ಇದು ಪೊಂಟೀನ್ ಜೌಗು. ನಡುವೆ ಅಡ್ಡ ಬರುವ ಗುಡ್ಡವಿಲ್ಲ, ರಸ್ತೆಯನ್ನು ಏರಿ ಮಾಡಿ ಎತ್ತರಿಸಿದ್ದರು. ಆದರೂ ಮಧ್ಯಯುಗದಲ್ಲಿ ನಿರ್ವಹಣೆ ನಿಂತಾಗ ನೀರು ಗೆದ್ದಿತು, ಜನ ಗುಡ್ಡದ ಬುಡದ ದಾರಿ ಹಿಡಿದರು. 18ನೇ ಶತಮಾನದ ಕೊನೆಗೆ ಪೋಪ್ ಆರನೇ ಪಯಸ್ ಜೌಗಿನ ನೀರು ಹರಿಸುವ ಕೆಲಸ ಹಿಡಿದಾಗ ರಸ್ತೆಗೆ ಹೊಸ ಗೆರೆ ಹುಡುಕಲಿಲ್ಲ. ಏರಿ ಇತ್ತು, ನೇರವಾಗಿತ್ತು, ಅದನ್ನೇ ರಿಪೇರಿ ಮಾಡಿಸಿದರು.

ಈಗ ನನ್ನ ಕಾರಿನ ಚಕ್ರದ ಕೆಳಗೆ ಇರೋದು ಡಾಂಬರು. ಬಲಕ್ಕೆ ಕಾಲುವೆ, ಎರಡು ಬದಿಗೂ ಮರದ ಸಾಲು. ಸ್ಟೀರಿಂಗ್ ತಿರುಗಿಸದೆ ಹತ್ತು ನಿಮಿಷವಾಯಿತು.